ಕನ್ನಡದ ಯೂಟ್ಯೂಬರ್‌ಗಳಿಗೆ ಒಂದು ಬಹಿರಂಗ ಪತ್ರ: ದುಡ್ಡು ತಗೊಂಡಿದೀನಿ ಅಂತ ಕನ್ನಡದಲ್ಲಿ ಬಾಯ್ಬಿಟ್ಟು ಹೇಳಿ

ಕನ್ನಡದಲ್ಲಿ ಅಡುಗೆ, ಮನೆ ಸಾಮಾನು, ಬ್ಯೂಟಿ, ಗ್ಯಾಜೆಟ್ ವಿಡಿಯೋ ಮಾಡೋ ಎಲ್ಲ ಮಾನ್ಯ ಕ್ರಿಯೇಟರ್‌ಗಳಿಗೆ, ಮತ್ತೆ ಕಂಪನಿಗಳ ಪ್ರಚಾರಕ್ಕೆ ಅವರು ಮಾಡೋ ಕೊಲಾಬ್ ನೋಡ್ಕೊಳ್ಳೋ ಏಜೆನ್ಸಿಯವರಿಗೆ,

ನಮಸ್ಕಾರ.

ನಾನು ಬೆಂಗಳೂರಲ್ಲಿ ವಿಡಿಯೋ ಎಡಿಟಿಂಗ್ ಮಾಡ್ಕೊಂಡಿರೋನು. ನಿಮ್ಮಲ್ಲಿ ಒಂದಿಬ್ಬರ ವಿಡಿಯೋ ನನ್ನ ಎಡಿಟಿಂಗ್ ಟೈಮ್‌ಲೈನ್ ಮೇಲೂ ಹಾದು ಹೋಗಿರಬಹುದು, ಅದಕ್ಕೇ ಯಾರ ಚಾನೆಲ್ ಹೆಸರನ್ನೂ ಇಲ್ಲಿ ತೆಗೆಯಲ್ಲ, ಕಂಪನಿ ಹೆಸರನ್ನೂ ಹೇಳಲ್ಲ. ಒಬ್ಬರನ್ನ ಹಿಡಿದು ಬೈಯೋದು ನನ್ನ ಉದ್ದೇಶ ಅಲ್ಲ. ಆದ್ರೆ ನಮ್ಮ ಮನೇಲೇ ಒಂದು ಕೇಸ್ ಆಯ್ತು, ಅದನ್ನ ಕೂತ್ಕೊಂಡು ಸೆಕೆಂಡ್ ಸೆಕೆಂಡ್ ಲೆಕ್ಕ ಹಾಕಿ ನೋಡಿದ್ಮೇಲೆ ಬರೀದೆ ಇರೋಕಾಗ್ಲಿಲ್ಲ.

ಅರಸೀಕೆರೇಲಿ ನಮ್ಮ ದೊಡ್ಡಮ್ಮ ಇದಾರೆ. ಮನೇಲಿ ಅವರು, ದೊಡ್ಡಪ್ಪ ಇಬ್ಬರೇ. ಸಂಜೆ ಹೊತ್ತು ಅಡುಗೆ ಚಾನೆಲ್ ನೋಡೋದು ಅಭ್ಯಾಸ, ಅದ್ರಲ್ಲೂ ಒಬ್ಬರು ಅಂದ್ರೆ ಪ್ರಾಣ, ಅವರನ್ನ ಹೆಸರು ಹಿಡಿದು ಕರೆಯೋದೇ ಇಲ್ಲ, "ನಮ್ಮ ಹುಡುಗಿ" ಅಂತಾರೆ. ಆ ಹುಡುಗಿ ಒಂದಿನ ರಾಗಿ ರೊಟ್ಟಿ ವಿಡಿಯೋ ಹಾಕಿದ್ರು, ಅದರ ಮಧ್ಯದಲ್ಲಿ ಮನೇಲೇ ಇಟ್ಕೊಳ್ಳೋ ಹಿಟ್ಟಿನ ಗಿರಣಿ ಬಂತು. "ನಾನಂತೂ ಹೊರಗಡೆ ಮಿಲ್ಲಿಗೆ ಹೋಗೋದೇ ಬಿಟ್ಬಿಟ್ಟೆ, ನಮ್ಮನೇಲಿ ಈಗ ಇದೇ" ಅಂದ್ರು. ದೊಡ್ಡಮ್ಮ 16,500 ರೂಪಾಯಿ ಕೊಟ್ಟು ತರಿಸಿದ್ರು, ಕೂಪನ್ ಕೋಡ್ ಹಾಕಿದ್ದಕ್ಕೆ 500 ಕಡಿಮೆ ಆಯ್ತು ಅಂತ ಖುಷಿ ಬೇರೆ.

ಮಿಷಿನ್ ಮೋಸದ್ದು ಅಂತ ನಾನು ಹೇಳ್ತಿಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ. ಗೋಧಿ ಚೆನ್ನಾಗೇ ಬೀಸುತ್ತೆ. ರಾಗಿಗೆ ಸಣ್ಣ ಜಾಲರಿ ಹಾಕ್ಬೇಕು, ಹಾಕಿದ್ರೆ ನಿಧಾನ, ಹಿಟ್ಟು ಬಿಸಿ ಬಿಸಿಯಾಗಿ ಬೀಳುತ್ತೆ, ತೊಳೆದು ಒಣಗಿಸಿದ ರಾಗೀಲಿ ಒಂಚೂರು ಪಸೆ ಉಳಿದಿದ್ರೂ ಜಾಲರಿಗೆ ಮೆತ್ಕೊಂಡು ನಿಲ್ಲುತ್ತೆ, ಆಮೇಲೆ ಅದನ್ನ ಬಿಚ್ಚಿ ಬ್ರಷ್ ಹಾಕಿ ಉಜ್ಜಬೇಕು. ಇದ್ಯಾವುದೂ ವಿಡಿಯೋದಲ್ಲಿ ಇರಲಿಲ್ಲ. ಅವರ ಬೀದಿ ಕೊನೇಲೇ ಮಿಲ್ಲಿದೆ, ಕೆಜಿಗೆ ಹತ್ತು ರೂಪಾಯಿ ತಗೋತಾನೆ. ಇಬ್ಬರಿಗೆ ತಿಂಗಳಿಗೆ ಆರು ಕೆಜಿ ಹಿಟ್ಟು ಅಂದ್ರೆ ಅರವತ್ತು ರೂಪಾಯಿ. ಹದಿನಾರೂವರೆ ಸಾವಿರ ಹುಟ್ಟಬೇಕು ಅಂದ್ರೆ ಹತ್ತಿರ ಹತ್ತಿರ ಇಪ್ಪತ್ಮೂರು ವರ್ಷ ಬೇಕು, ಕರೆಂಟ್ ಬಿಲ್ ಬಿಟ್ಟು! ದೊಡ್ಡಪ್ಪ ಈ ಲೆಕ್ಕ ಹೇಳಿ ನಕ್ಕಿದ್ದಕ್ಕೆ ಎರಡು ದಿನ ಮನೇಲಿ ಮಾತಿಲ್ಲ.

ನಾನು ಊರಿಗೆ ಹೋದಾಗ ಸುಮ್ನೆ ಕೇಳ್ದೆ, ದೊಡ್ಡಮ್ಮ, ಅದು ದುಡ್ಡು ತಗೊಂಡು ಮಾಡಿರೋ ವಿಡಿಯೋ ಅಂತ ಗೊತ್ತಿತ್ತಾ ಅಂತ. "ಏನೋ, ಅವಳೂ ನಮ್ಮಂಗೇ ದುಡ್ಡು ಕೊಟ್ಟು ತಗೊಂಡಿದಾಳೆ ಅಂದ್ಕೊಂಡಿದ್ದೆ ಕಣೋ" ಅಂದ್ರು. ಇಡೀ ಪತ್ರ ಈ ಒಂದು ಮಾತಿನ ಬಗ್ಗೆ. ದೊಡ್ಡಮ್ಮನಿಗೆ ಜಾಹೀರಾತು ಅಂದ್ರೆ ಏನು ಅಂತ ಗೊತ್ತಿಲ್ಲದೆ ಇಲ್ಲ. ಟಿವೀಲಿ ಸೋಪಿನ ಆಡ್ ಬಂದ್ರೆ ಮ್ಯೂಟ್ ಮಾಡ್ತಾರೆ. ರೇಡಿಯೋ ಕಾಲದಿಂದ "ಈ ಕಾರ್ಯಕ್ರಮದ ಪ್ರಾಯೋಜಕರು" ಅಂತ ಕೇಳ್ಕೊಂಡು ಬಂದಿರೋ ಜನ. ಆಡ್ ಅಂತ ಗೊತ್ತಾಗಿದ್ರೆ ಮಿಲ್ಲಿನ ರೇಟ್ ಜೊತೆ ಹೋಲಿಸಿ ನೋಡ್ತಿದ್ರು, ಪಕ್ಕದ ಮನೆಯವರನ್ನ ಕೇಳ್ತಿದ್ರು, ಆಮೇಲೆ ತಗೊಂಡ್ರೂ ತಗೋತಿದ್ರೇನೋ. ಗೊತ್ತಾಗ್ಲಿಲ್ಲ, ಅದಕ್ಕೆ ಆ ಯೋಚನೇನೇ ಬರಲಿಲ್ಲ.

ಈಗ ಆ ವಿಡಿಯೋಗೆ ಬರ್ತೀನಿ. ಹಾಗಂತ ಅದ್ರಲ್ಲಿ ಏನೂ ಹೇಳೇ ಇರಲಿಲ್ಲ ಅಂತಲ್ಲ, ತಮಾಷೆ ಇರೋದೇ ಅಲ್ಲಿ. ವಿಡಿಯೋ ಒಟ್ಟು 9 ನಿಮಿಷ 40 ಸೆಕೆಂಡ್. ಶುರುವಾದ ತಕ್ಷಣ ಮೂಲೇಲಿ ಯೂಟ್ಯೂಬಿನ ಚಿಕ್ಕ ಪಟ್ಟಿ, Includes paid promotion ಅಂತ. ಅಪ್‌ಲೋಡ್ ಮಾಡೋವಾಗ ಪೇಯ್ಡ್ ಪ್ರಮೋಷನ್ ಬಾಕ್ಸಿಗೆ ಟಿಕ್ ಹಾಕಿದ್ರೆ ಯೂಟ್ಯೂಬೇ ಅದನ್ನ ಮೊದಲ 10 ಸೆಕೆಂಡ್ ತೋರಿಸಿ ತೆಗೆದುಬಿಡುತ್ತೆ. ಆ ಹತ್ತು ಸೆಕೆಂಡಲ್ಲಿ ಪರದೆ ಮೇಲೆ ಇದ್ದಿದ್ದು ತುಪ್ಪ ಹಚ್ಚಿದ ರೊಟ್ಟಿ. ಗಿರಣಿ ಬಂದಿದ್ದು 2 ನಿಮಿಷ 10 ಸೆಕೆಂಡಿಗೆ, ಹೋಗಿದ್ದು 6 ನಿಮಿಷ 30 ಸೆಕೆಂಡಿಗೆ. ಆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್ ಪೂರ್ತಿ ಜಾಹೀರಾತು, ಆದ್ರೆ ಪರದೆ ಮೇಲೆ ಒಂದಕ್ಷರ ಇಲ್ಲ, ಬಾಯಲ್ಲಿ ಒಂದು ಮಾತಿಲ್ಲ. ಡಿಸ್ಕ್ರಿಪ್ಷನ್ನಲ್ಲಿ ಹುಡುಕಿದೆ. ಮೊದಲು ಖರೀದಿ ಲಿಂಕು, ಆಮೇಲೆ ಕೂಪನ್ನು, ಆಮೇಲೆ ಮೋರ್ ಅಂತ ಒತ್ತಿದ್ರೆ ಕೆಳಗಡೆ ಹ್ಯಾಷ್‌ಟ್ಯಾಗ್ ರಾಶಿ, ರಾಗಿರೊಟ್ಟಿ ಕನ್ನಡವ್ಲಾಗ್ ಹಳ್ಳಿರುಚಿ ಅಂತೆಲ್ಲ ಇರೋದ್ರ ಮಧ್ಯ ಎಲ್ಲೋ ಒಂದು #collab.

ದೊಡ್ಡಮ್ಮ ಇದ್ಯಾವುದನ್ನೂ ನೋಡಿಲ್ಲ, ನೋಡೋ ಚಾನ್ಸೂ ಇರಲಿಲ್ಲ. ಮಗ ಸೆಟ್ ಮಾಡಿಕೊಟ್ಟಿರೋ ಫೋನು ಪೂರ್ತಿ ಇಂಗ್ಲಿಷಲ್ಲಿದೆ, ಅವರು ಓದೋದು ಕನ್ನಡ ಮಾತ್ರ. ಅದಕ್ಕಿಂತ ಮುಖ್ಯ ಏನಂದ್ರೆ ಅವರು ಆ ವಿಡಿಯೋನ ಯೂಟ್ಯೂಬಲ್ಲಿ ನೋಡೇ ಇಲ್ಲ. ಗಿರಣಿ ಭಾಗ ಮಾತ್ರ ಯಾರೋ ಕಟ್ ಮಾಡಿದ್ದು ಅವರ ಮಹಿಳಾ ಸಂಘದ ವಾಟ್ಸಾಪ್ ಗ್ರೂಪಿಗೆ ಬಂದಿತ್ತು.

ಇಲ್ಲೇ ನಾನು ಎಡಿಟರ್ ಆಗಿ ಹೇಳ್ಬೇಕಾಗಿರೋದು. ಯೂಟ್ಯೂಬಿನ ಆ ಪಟ್ಟಿ ಇರಲಿ, ಇನ್‌ಸ್ಟಾಗ್ರಾಮಿನ Paid partnership ಅನ್ನೋ ಸಾಲಿರಲಿ, ಅವು ನಿಮ್ಮ ವಿಡಿಯೋ ಫೈಲಿನ ಒಳಗಡೆ ಇರಲ್ಲ. ಆಪ್ ಅದನ್ನ ಮೇಲಿಂದ ಅಂಟಿಸಿ ತೋರಿಸುತ್ತೆ ಅಷ್ಟೇ. ವಿಡಿಯೋ ಡೌನ್‌ಲೋಡ್ ಆಗಿ ಗ್ರೂಪಿಂದ ಗ್ರೂಪಿಗೆ ಹೋಗೋವಾಗ ನಿಮ್ಮ ಮುಖ ಹೋಗುತ್ತೆ, ದನಿ ಹೋಗುತ್ತೆ, ಗಿರಣಿ ಹೋಗುತ್ತೆ, ಆ ಪಟ್ಟಿ ಮಾತ್ರ ಅಲ್ಲೇ ಉಳ್ಕೊಳ್ಳುತ್ತೆ. ನೀವೇ ಅದೇ ವಿಡಿಯೋದಿಂದ ಶಾರ್ಟ್ಸ್ ಕಟ್ ಮಾಡಿ ಹಾಕಿದ್ರೂ ಕತೆ ಇದೇ, ಅದು ಬೇರೆ ಅಪ್‌ಲೋಡ್ ಆದ್ದರಿಂದ ಮತ್ತೆ ಟಿಕ್ ಹಾಕ್ಬೇಕು, ಎಷ್ಟೋ ಸಲ ಶಾರ್ಟ್ಸ್ ಹಾಕೋದು ಬೇರೆ ಹುಡುಗ, ಅವನಿಗೆ ಅದು ಪೇಯ್ಡ್ ಅನ್ನೋದೇ ಗೊತ್ತಿರಲ್ಲ. ಫೈಲಿನ ಜೊತೆ ಎಲ್ಲಿಗೆ ಹೋದ್ರೂ ಬರೋದು ಎರಡೇ: ನೀವು ಬಾಯಲ್ಲಿ ಆಡಿದ ಮಾತು, ಎಡಿಟಲ್ಲಿ ವಿಡಿಯೋ ಮೇಲೇ ಹಾಕಿದ ಅಕ್ಷರ.

ಸಾಮಾನ್ಯವಾಗಿ ಈ ಮಾತೆತ್ತಿದ್ರೆ "ನಾವು ಟಿಕ್ ಹಾಕಿದೀವಲ್ಲ, ರೂಲ್ಸ್ ಪ್ರಕಾರ ಸರಿ ಇದೆ" ಅನ್ನೋ ಉತ್ತರ ಬರುತ್ತೆ. ಸರಿ ಇಲ್ಲ. ಜಾಹೀರಾತು ಉದ್ಯಮದವರೇ ಸೇರಿ ನಡೆಸೋ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್, ಎಲ್ಲರೂ ಆಸ್ಕಿ ಅಂತಾರಲ್ಲ, ಅವರು 2021ರ ಜೂನ್ 14ರಿಂದ ಇನ್‌ಫ್ಲುಯೆನ್ಸರ್‌ಗಳಿಗೆ ಅಂತಲೇ ನಿಯಮ ತಂದಿದಾರೆ. ಅದ್ರಲ್ಲಿ ಪ್ಲಾಟ್‌ಫಾರ್ಮಿನ ಟೂಲ್ ನಿಮ್ಮ ಸ್ವಂತ ಲೇಬಲ್ ಜೊತೆಗೆ ಇರಬೇಕು ಅಂತಿದೆ, ಅದರ ಬದಲಿಗೆ ಅಲ್ಲ. ಹ್ಯಾಷ್‌ಟ್ಯಾಗ್ ಗುಂಪಲ್ಲಿ ಮುಚ್ಚಿಡೋದು, ಮೋರ್ ಒತ್ತಿದ್ರೆ ಮಾತ್ರ ಕಾಣೋ ಜಾಗದಲ್ಲಿ ಹಾಕೋದು ನಡೆಯಲ್ಲ ಅಂತ ಸ್ಪಷ್ಟವಾಗೇ ಇದೆ. ಎಷ್ಟು ಹೊತ್ತು ತೋರಿಸ್ಬೇಕು ಅನ್ನೋದೂ ಇದೆ: 15 ಸೆಕೆಂಡ್ ಒಳಗಿನ ವಿಡಿಯೋಗೆ ಕನಿಷ್ಠ 3 ಸೆಕೆಂಡ್, ಅದಕ್ಕಿಂತ ಉದ್ದ ಆದ್ರೆ ಎರಡು ನಿಮಿಷದ ಒಳಗಡೆ ಇದ್ರೆ ವಿಡಿಯೋದ ಮೂರನೇ ಒಂದು ಭಾಗ, ಎರಡು ನಿಮಿಷ ಇಲ್ಲಾ ಅದಕ್ಕೂ ಮೇಲಿದ್ರೆ ಆ ವಸ್ತು ಬಗ್ಗೆ ಮಾತಾಡೋ ಭಾಗ ಪೂರ್ತಿ.

ಅಂದ್ರೆ ನಮ್ಮ ಗಿರಣಿ ವಿಡಿಯೋಗೆ ಆ 4 ನಿಮಿಷ 20 ಸೆಕೆಂಡೂ ಲೇಬಲ್ ಇರಬೇಕಿತ್ತು. ಇದ್ದಿದ್ದು ಹತ್ತು ಸೆಕೆಂಡ್, ಅದೂ ಗಿರಣಿ ಬರೋಕೆ ಎರಡು ನಿಮಿಷ ಮುಂಚೆ, ರೊಟ್ಟಿ ಮೇಲೆ. ಅದೇ ಚಾನೆಲಿನ 48 ಸೆಕೆಂಡಿನ ಶಾರ್ಟ್ಸ್ ಒಂದಿದೆ, ಅದಕ್ಕೆ 16 ಸೆಕೆಂಡ್ ಇರಬೇಕಿತ್ತು. ಅದ್ರಲ್ಲಿ ಸೊನ್ನೆ.

ಇದು ಉದ್ಯಮದವರ ನಿಯಮ, ಕಾನೂನಲ್ಲವಲ್ಲ ಅನ್ನೋರಿಗೆ ಇನ್ನೊಂದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನಲ್ಲಿ ತಂದಿರೋ ಮಾರ್ಗಸೂಚೀಲಿ, ಜಾಹೀರಾತು ಕೊಡೋರಿಗೂ ಅದನ್ನ ಹೊಗಳೋರಿಗೂ ಮಧ್ಯ ನೋಡುಗರ ನಂಬಿಕೆ ಮೇಲೆ ಪರಿಣಾಮ ಬೀರೋ ಸಂಬಂಧ ಇದ್ರೆ ಹೇಳ್ಲೇಬೇಕು ಅಂತಿದೆ. ಆಮೇಲೆ 2023ರ ಜನವರೀಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸೆಲೆಬ್ರಿಟಿಗಳಿಗೆ, ಇನ್‌ಫ್ಲುಯೆನ್ಸರ್‌ಗಳಿಗೆ ಅಂತಲೇ ಒಂದು ಚಿಕ್ಕ ಕೈಪಿಡಿ ಬಿಟ್ಟಿದೆ, ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದು. ವಿಡಿಯೋ ಆದ್ರೆ ಡಿಸ್ಕ್ರಿಪ್ಷನ್ನಲ್ಲಿ ಮಾತ್ರ ಹಾಕಿದ್ರೆ ಆಗಲ್ಲ, ವಿಡಿಯೋ ಒಳಗೇ ಇರಬೇಕು, ಕಣ್ಣಿಗೂ ಕಾಣ್ಬೇಕು ಕಿವಿಗೂ ಕೇಳ್ಬೇಕು ಅಂತ ಅದ್ರಲ್ಲಿದೆ. ಇನ್ನೊಂದು ಮಾತಿದೆ, ಕನ್ನಡದವರು ಯಾರೂ ಓದೇ ಇಲ್ವೇನೋ ಅನ್ಸುತ್ತೆ: ಯಾವ ಭಾಷೇಲಿ ಪ್ರಚಾರ ಮಾಡ್ತೀರೋ ಅದೇ ಭಾಷೇಲಿ ಹೇಳ್ಬೇಕು. ನಾಲ್ಕು ನಿಮಿಷ ಹಾಸನದ ಕನ್ನಡದಲ್ಲಿ ಗಿರಣಿ ಹೊಗಳಿ, "ದುಡ್ಡು ತಗೊಂಡಿದೀನಿ" ಅನ್ನೋ ಒಂದು ವಿಷಯ ಮಾತ್ರ ಇಂಗ್ಲಿಷಲ್ಲಿ ಹೇಳೋದು ಯಾಕೆ ಸ್ವಾಮಿ?

ದಂಡದ ಮಾತು ಜಾಸ್ತಿ ಎಳೆಯಲ್ಲ. ಗ್ರಾಹಕ ರಕ್ಷಣಾ ಕಾಯ್ದೆ 2019ರ 21ನೇ ಸೆಕ್ಷನ್ನಲ್ಲಿ ದಾರಿ ತಪ್ಪಿಸೋ ಜಾಹೀರಾತಿಗೆ ಕಂಪನಿಗೆ ಮಾತ್ರ ಅಲ್ಲ, ಅದನ್ನ ಹೊಗಳಿದವರಿಗೂ 10 ಲಕ್ಷದವರೆಗೆ ದಂಡ ಹಾಕ್ಬಹುದು, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ, ಒಂದು ವರ್ಷದವರೆಗೆ ಯಾವ ಪ್ರಚಾರಾನೂ ಮಾಡ್ಬೇಡಿ ಅಂತ ತಡೀಬಹುದು, ಮತ್ತೆ ಸಿಕ್ಕಿಬಿದ್ರೆ ಮೂರು ವರ್ಷದವರೆಗೆ. ಹಳ್ಳಿ ಅಡುಗೆ ಚಾನೆಲ್ ಮೇಲೆ ನಾಳೆನೇ ಯಾರೋ ದಿಲ್ಲಿಯಿಂದ ಬರ್ತಾರೆ ಅಂತ ಹೆದರಿಸ್ತಿಲ್ಲ. ಆದ್ರೆ ನೋಟಿಸ್ ಬಂದ ದಿನ ಏಜೆನ್ಸಿಯವರು ಫೋನ್ ಎತ್ತಲ್ಲ, ಅದು ನಿಮಗೂ ಗೊತ್ತು ನನಗೂ ಗೊತ್ತು.

ಈಗ ನನ್ನ ತಪ್ಪೂ ಹೇಳ್ಕೋಬೇಕು. ಎರಡು ವರ್ಷದ ಹಿಂದೆ ಒಂದು ತಲೆಗೆ ಹಚ್ಚೋ ಎಣ್ಣೆ ವಿಡಿಯೋ ಎಡಿಟ್ ಮಾಡ್ದೆ. ಕ್ರಿಯೇಟರ್ ಪಾಪ ಒಳ್ಳೆಯವರು, ಅವರೇ ಹೇಳಿ "ಇದು ಪೇಯ್ಡ್ ವಿಡಿಯೋ" ಅಂತ ಕೆಳಗಡೆ ಹಾಕಿಸಿದ್ರು. ಮೊದಲ ಕಟ್ ಕಂಪನಿ ಕಡೆಗೆ ಹೋಯ್ತು, ವಾಪಸ್ ಬಂದ ಕರೆಕ್ಷನ್ ಲಿಸ್ಟಲ್ಲಿ ಮೂರನೇದು ಏನಿತ್ತು ಅಂದ್ರೆ, ಆ ಟೆಕ್ಸ್ಟ್ ತೆಗೀರಿ, ಆರ್ಗ್ಯಾನಿಕ್ ಆಗಿ ಕಾಣ್ಬೇಕು. ನಾನು ಆ ಲೇಯರ್ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. ಅಷ್ಟೇ ಕೆಲಸ, ಅರ್ಧ ಸೆಕೆಂಡ್. ಕ್ರಿಯೇಟರೂ ಏನೂ ಅನ್ನಲಿಲ್ಲ, ಪೇಮೆಂಟ್ ಬಾಕಿ ಇತ್ತಲ್ಲ. ಆರ್ಗ್ಯಾನಿಕ್ ಅನ್ನೋ ಪದಕ್ಕೆ ಈ ಫೀಲ್ಡಲ್ಲಿ ಇರೋ ಅರ್ಥ ಇದೊಂದೇ, ದುಡ್ಡು ಕೊಟ್ಟಿದ್ದು ಗೊತ್ತಾಗಬಾರದು.

ಆಗ ಅವರು ಕೊಟ್ಟ ಕಾರಣ, ಲೇಬಲ್ ಹಾಕಿದ್ರೆ ಜನ ಸ್ಕಿಪ್ ಮಾಡ್ತಾರೆ. ಮಾಡ್ಲಿ ಬಿಡಿ. ಗೊತ್ತಾದ್ರೆ ಬಿಟ್ಟು ಹೋಗ್ತಾರೆ ಅಂತ ನಿಮಗೆ ಮೊದಲೇ ಗೊತ್ತಿದ್ದು, ಅದಕ್ಕೇ ಮುಚ್ಚಿಟ್ರೆ, ಅದನ್ನ ದಾರಿ ತಪ್ಪಿಸೋದು ಅನ್ನದೆ ಇನ್ನೇನನ್ನಬೇಕು ಹೇಳಿ.

ನಮ್ಮ ಕಡೆ ದನದ ಜಾತ್ರೇಲಿ ದಲ್ಲಾಳಿಗಳು ಟವೆಲ್ ಅಡೀಲಿ ಬೆರಳು ಹಿಡಿದು ರೇಟ್ ಮಾತಾಡ್ತಾರೆ, ಚಿಕ್ಕವನಿದ್ದಾಗ ತಾತನ ಜೊತೆ ಹೋಗಿ ನೋಡಿದೀನಿ. ಎಷ್ಟಕ್ಕೆ ಮುಗೀತು, ಅವನಿಗೆ ಎಷ್ಟು ಸಿಕ್ತು ಅಂತ ಪಕ್ಕದಲ್ಲಿ ನಿಂತೋನಿಗೂ ಗೊತ್ತಾಗಲ್ಲ. ಆದ್ರೆ ಅವನು ದಲ್ಲಾಳಿ ಅನ್ನೋದು ಇಡೀ ಜಾತ್ರೆಗೇ ಗೊತ್ತಿರುತ್ತೆ, ಅವನು ಎತ್ತು ಹೊಗಳಿದ್ರೆ ತಾತ ನಕ್ಕೊಂಡು ಹಲ್ಲು ಎಣಿಸೋಕೆ ಬಾಯಿ ತೆಗೆಸ್ತಿದ್ರು. ನಾನು ಕೇಳ್ತಿರೋದೂ ಇಷ್ಟೇ. ನಿಮ್ಮ ರೇಟ್ ಕಾರ್ಡ್ ಟವೆಲ್ ಅಡೀಲೇ ಇರಲಿ, ಅದು ನಮಗೆ ಬೇಡ, ಕಾನೂನೂ ಕೇಳಲ್ಲ. ನೀವು ಇಲ್ಲಿ ಯಾರ ಕಡೆಯಿಂದ ನಿಂತಿದೀರ ಅನ್ನೋದು ಮಾತ್ರ ಹೇಳಿ.

ಹೇಗೆ ಹೇಳ್ಬೇಕು ಅನ್ನೋದಕ್ಕೆ ನನ್ನ ಕೋರಿಕೆ ಇದು. ವಸ್ತು ಕೈಗೆ ತಗೊಳ್ಳೋ ಹೊತ್ತಿಗೆ, ಹೊಗಳೋಕೆ ಮುಂಚೆ, ನಿಮ್ಮ ಮಾಮೂಲಿ ದನೀಲೇ ಒಂದು ಮಾತು: "ಈ ಗಿರಣಿ ಕಂಪನಿಯವರು ಫ್ರೀಯಾಗಿ ಕೊಟ್ಟಿದಾರೆ, ಈ ವಿಡಿಯೋ ಮಾಡೋಕೆ ದುಡ್ಡೂ ಕೊಟ್ಟಿದಾರೆ." ಆರು ಸೆಕೆಂಡ್ ಆಗುತ್ತೆ, ನಾನು ವಾಚ್ ಇಟ್ಟು ನೋಡಿದೀನಿ. ಜೊತೆಗೆ ಆ ಭಾಗ ಮುಗಿಯೋವರೆಗೂ ವಿಡಿಯೋ ಮೇಲೆ "ಹಣ ಪಡೆದು ಮಾಡಿದ ಜಾಹೀರಾತು" ಅಂತ ಕನ್ನಡದಲ್ಲಿ ಇರಲಿ, ಬಿಳಿ ಗೋಡೆ ಮೇಲೆ ಬಿಳಿ ಅಕ್ಷರ ಬೇಡ, ಕೆಳಗಡೆ ಬಲಗಡೆ ಬೇಡ, ಶಾರ್ಟ್ಸಲ್ಲಿ ಲೈಕ್ ಬಟನ್ನು, ಚಾನೆಲ್ ಹೆಸರು ಬಂದು ಅದನ್ನ ಮುಚ್ಚಿಬಿಡುತ್ತೆ. ಮೇಲ್ಗಡೆ ಹಾಕಿ. ಟಿಕ್ಕೂ ಹಾಕಿ, ಅದು ಬೇಡ ಅಂತಿಲ್ಲ.

"ಕೊಲಾಬ್", "ಪಾರ್ಟ್‌ನರ್‌ಶಿಪ್", "ಇವರಿಗೆ ಥ್ಯಾಂಕ್ಸ್ ಹೇಳ್ತಾ" ಅನ್ನೋದೆಲ್ಲ ನಮಗೆ ನಿಮಗೆ ಅರ್ಥ ಆಗುತ್ತೆ. ನಿಯಮದ ಪಟ್ಟೀಲಿ ಕೊಲಾಬೊರೇಷನ್ ಅನ್ನೋ ಪದ ಒಪ್ಪಿಗೆ ಆಗಿರೋದು ನಿಜ. ಆದ್ರೆ ದೊಡ್ಡಮ್ಮನ್ನ ಕೇಳಿದ್ದಕ್ಕೆ "ಕೊಲಾಬ್ ಅಂದ್ರೆ ಇಬ್ಬರು ಸೇರಿ ಅಡುಗೆ ಮಾಡೋದಾ?" ಅಂದ್ರು. ಸಾಮಾನ್ಯ ನೋಡುಗರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು ಅಂತಲೂ ಅದೇ ನಿಯಮದಲ್ಲಿದೆ, ಕನ್ನಡ ಅಡುಗೆ ಚಾನೆಲಿಗೆ ಸಾಮಾನ್ಯ ನೋಡುಗರು ಅಂದ್ರೆ ದೊಡ್ಡಮ್ಮನೇ.

ದುಡ್ಡು ಬಂದಿಲ್ಲ, ಬರೀ ವಸ್ತು ಕಳಿಸಿದ್ರು, ಬಾರ್ಟರ್ ಅಷ್ಟೇ ಅನ್ನೋರೂ ಹೇಳ್ಬೇಕು. ಲಿಂಕಿಂದ ಕಮಿಷನ್ ಬರೋರೂ ಹೇಳ್ಬೇಕು, ರೆಸಾರ್ಟಲ್ಲಿ ಎರಡು ದಿನ ಪುಕ್ಕಟೆ ಉಳ್ಕೊಂಡೋರೂ ಹೇಳ್ಬೇಕು, ತಮ್ಮನ ಅಂಗಡಿ ಸೀರೆ ತೋರಿಸ್ತಿದ್ರೆ ತಮ್ಮನ ಅಂಗಡಿ ಅಂತ ಹೇಳ್ಬೇಕು. ಸ್ವಂತ ದುಡ್ಡಲ್ಲಿ ತಗೊಂಡು, ಯಾರ ಹತ್ರಾನೂ ಏನೂ ಇಸ್ಕೊಳ್ದೆ ಹೊಗಳಿದ್ರೆ ಏನೂ ಹೇಳ್ಬೇಕಾಗಿಲ್ಲ. ಮತ್ತೆ "ಮೂರು ತಿಂಗಳಿಂದ ಯೂಸ್ ಮಾಡ್ತಿದೀನಿ" ಅನ್ನೋದು ನಿಜವಾಗ್ಲೂ ಮೂರು ತಿಂಗಳಾಗಿದ್ರೆ ಮಾತ್ರ ಹೇಳಿ. ಆ ಗಿರಣಿ ವಿಡಿಯೋನ ನಿಲ್ಲಿಸಿ ನೋಡಿ, ಮುಚ್ಚಳದ ಮೂಲೇಲಿ ಪ್ಯಾಕಿಂಗ್ ಪ್ಲಾಸ್ಟಿಕ್ ಇನ್ನೂ ಕಿತ್ತಿಲ್ಲ, ಜಾಲರೀಲಿ ಒಂದು ಕಣ ಹಿಟ್ಟಿಲ್ಲ, ಫಳಫಳ ಅಂತಿದೆ. ಬಳಸಿ ನೋಡಿದ್ದನ್ನೇ ಹೊಗಳಿ ಅಂತ ಆ ಸರ್ಕಾರಿ ಕೈಪಿಡೀಲೂ ಸಲಹೆ ಇದೆ.

ಹಳೇ ವಿಡಿಯೋಗಳು ಏನ್ಮಾಡೋದು ಅಂತ ಕೇಳಬಹುದು. ಯೂಟ್ಯೂಬಲ್ಲಿ ಫೈಲ್ ಬದಲಾಯಿಸೋಕಾಗಲ್ಲ ನಿಜ. ಆದ್ರೆ ಟಿಕ್ ಈಗಲೂ ಹಾಕಬಹುದು, ಡಿಸ್ಕ್ರಿಪ್ಷನ್ನಿನ ಮೊದಲನೇ ಸಾಲು ಕನ್ನಡದಲ್ಲಿ ಬರೀಬಹುದು, ಕಾಮೆಂಟ್ ಪಿನ್ ಮಾಡಬಹುದು. ಪೂರ್ತಿ ಸರಿ ಹೋಗಲ್ಲ, ಏನೂ ಇಲ್ಲದ್ದಕ್ಕಿಂತ ವಾಸಿ. ಇನ್ನೂ ಮಾರಾಟ ತರ್ತಿರೋ ವಿಡಿಯೋ ಆದ್ರೆ ಸರಿ ಮಾಡಿ ಮತ್ತೆ ಅಪ್‌ಲೋಡ್ ಮಾಡೋದೇ ಒಳ್ಳೇದು, ವ್ಯೂಸ್ ಹೋಗುತ್ತೆ, ಹೋಗ್ಲಿ.

ಏಜೆನ್ಸಿಯವರಿಗೆ ಒಂದೇ ಒಂದು ಮನವಿ. ಬ್ರೀಫಲ್ಲಿ ಪ್ರಾಡಕ್ಟ್ ಹೆಸರು ಎಷ್ಟು ಸಲ ಹೇಳ್ಬೇಕು, ಲೋಗೋ ಯಾವ ಕಡೆ ತಿರುಗಿರಬೇಕು ಅಂತೆಲ್ಲ ಬರೀತೀರಲ್ಲ, ಅದರ ಜೊತೆ ಲೇಬಲ್ಲಿನ ಕನ್ನಡ ಸಾಲನ್ನೂ ನೀವೇ ಬರೆದು ಕಳಿಸಿ. ಕೇಳೋ ಧೈರ್ಯ ಎಲ್ಲ ಕ್ರಿಯೇಟರ್‌ಗೂ ಇರಲ್ಲ, ಚಿಕ್ಕ ಚಾನೆಲ್ ಆದ್ರೆ ಮುಂದಿನ ಸಲ ಕೊಡದೇ ಹೋದ್ರೆ ಅನ್ನೋ ಭಯ ಇರುತ್ತೆ. ತೆಗೀರಿ ಅಂತ ಹೇಳೋರು ನೀವು, ಸಿಕ್ಕಿಹಾಕ್ಕೊಳ್ಳೋರು ಅವರು.

ನನ್ನ ಕಡೆಯಿಂದ, ಇನ್ಮೇಲೆ ಆ ಲೇಯರ್ ತೆಗೀರಿ ಅಂದ್ರೆ ತೆಗೆಯಲ್ಲ ಅಂತ ಈಗಾಗ್ಲೇ ಇಬ್ಬರಿಗೆ ಹೇಳಿದೀನಿ. ಒಬ್ಬರು ಸರಿ ಅಂದ್ರು, ಇನ್ನೊಬ್ಬರು ಬೇರೆ ಎಡಿಟರ್ ನೋಡ್ಕೊಂಡ್ರು.

ಕೊನೆಗೆ, ಆ ರೊಟ್ಟಿ ವಿಡಿಯೋ ಮಾಡಿದ ತಂಗಿ ಇದನ್ನ ಓದ್ತಿದ್ರೆ: ನಿಮ್ಮ ಹೆಸರು ನಾನು ಎಲ್ಲೂ ಹೇಳಿಲ್ಲ, ಹೇಳೋದೂ ಇಲ್ಲ. ನಿಮ್ಮ ವಿಡಿಯೋ ಕೆಳಗಡೆ "ರಾಗಿ ಹಾಕಿದ್ರೆ ಜಾಲರಿ ಕಟ್ಕೋತದೆ, ಏನ್ ಮಾಡ್ಬೇಕಮ್ಮ" ಅಂತ ಒಂದು ಕಾಮೆಂಟ್ ಇದೆ, ನಮ್ಮ ದೊಡ್ಡಮ್ಮ ಮಗನ ಕೈಲಿ ಟೈಪ್ ಮಾಡಿಸಿದ್ದು. ಅದಕ್ಕೆ ನೀವು ಹಾರ್ಟ್ ಕೊಟ್ಟಿದೀರ. ಹೇಗೆ ಸರಿ ಮಾಡೋದು ಅಂತ ಗೊತ್ತಿದ್ರೆ ಅದಕ್ಕೊಂದು ಉತ್ತರ ಬರೀರಿ, ಅವರು ಇನ್ನೂ ದಿನಾ ತೆಗೆದು ನೋಡ್ತಿದಾರೆ.

ಇಂತಿ,
ಅರಸೀಕೆರೆ ಕಡೆಯ ಒಬ್ಬ ಎಡಿಟರ್